ಉದುರಿತು ಪಟ ಪಟ: ಪುಟ್ಟ ಕೃಷ್ಣ ಮತ್ತು ಹಣ್ಣಿನಜ್ಜಿ (ಸ್ಟೋರಿಬೋರ್ಡ್)

ಒಟ್ಟು 3 ನಿಮಿಷ 30 ಸೆಕೆಂಡ್. ಎರಡರಿಂದ ಮೂರು ವರ್ಷದ ಮಕ್ಕಳಿಗೆ. ಮೊದಲು ತೋರಿಸೋದು ತೀರ್ಥಹಳ್ಳಿ ಕಡೆಯ ಒಂದು ಅಂಗನವಾಡಿಯಲ್ಲಿ.

ಕಥೆ ಭಾಗವತದ ಹತ್ತನೇ ಸ್ಕಂಧದ 11ನೇ ಅಧ್ಯಾಯದ್ದು. ಅಲ್ಲಿ ಇರೋದು ಎರಡೇ ಶ್ಲೋಕ. ಹಣ್ಣು ಮಾರುವವಳ ಕೂಗು ಕೇಳಿ ಕೃಷ್ಣ ಕೈತುಂಬ ಧಾನ್ಯ ತಗೊಂಡು ಓಡುತ್ತಾನೆ, ದಾರಿಯಲ್ಲಿ ಧಾನ್ಯ ಉದುರುತ್ತೆ. ಆದರೂ ಆಕೆ ಅವನ ಎರಡೂ ಕೈ ತುಂಬ ಹಣ್ಣು ಕೊಡುತ್ತಾಳೆ, ಆಕೆಯ ಬುಟ್ಟಿ ರತ್ನಗಳಿಂದ ತುಂಬುತ್ತೆ. ಎಲ್ಲರೂ ರತ್ನದ ಮೇಲೇ ಕಣ್ಣಿಡುತ್ತಾರೆ. ನಮಗೆ ಬೇಕಾದ್ದು ಉದುರಿದ ಕಾಳು. ಎರಡು ವರ್ಷದ ಮಗುವಿಗೆ ರತ್ನ ಏನು ಗೊತ್ತು? ಕೈಯಿಂದ ಚೆಲ್ಲಿಹೋಗೋದು ಚೆನ್ನಾಗಿ ಗೊತ್ತು.

ಚಿತ್ರ ಬರೆಯುವವರಿಗೆ: ಅಂಚಿಗೆ ಸಾಗರ, ಸೊರಬದ ಕಡೆಯ ಹಸೆ ಚಿತ್ತಾರದ ಗೆರೆ ಇರಲಿ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಇಷ್ಟೇ ಬಣ್ಣ. ಹಣ್ಣು ಮತ್ತು ನವಿಲುಗರಿಗೆ ಮಾತ್ರ ಬೇರೆ ಬಣ್ಣ, ಆಗ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತೆ. ಒಂದು ಫ್ರೇಮಿನಲ್ಲಿ ಮೂರಕ್ಕಿಂತ ಜಾಸ್ತಿ ವಸ್ತು ಬೇಡ.

ಮತ್ತೆ ಮತ್ತೆ ಬರುವ ಸಾಲುಗಳು ಮೂರು. ಪ್ರತಿಸಲ ಅದೇ ರಾಗ, ಒಂದಕ್ಷರ ಬದಲಾಗಬಾರದು:
"ಹಣ್ಣು ಬೇಕಾ ಹಣ್ಣೂ..."
"ಉದುರಿತು ಪಟ ಪಟ, ಓಡಿದ ದಡ ದಡ!"
"ಬಾ ಕಂದ, ಬೊಗಸೆ ಒಡ್ಡು."

ಫ್ರೇಮ್ 1 (15 ಸೆಕೆಂಡ್)
ಮಲೆನಾಡಿನ ಮನೆ ಜಗಲಿ. ಹೊರಗೆ ಮಳೆ, ಬರೀ ನೆಟ್ಟನೆ ಬಿಳಿ ಗೆರೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಪಕ್ಕದಲ್ಲಿ ಪುಟ್ಟಿ.
ಸದ್ದು: ಹಂಚಿನಿಂದ ನೀರು ತೊಟ್ಟಿಕ್ಕೋದು ಮಾತ್ರ. ಗುಡುಗು ಹಾಕಬೇಡಿ. ಹೋದ ಸಲ ಗುಡುಗು ಕೇಳಿ ಇಬ್ಬರು ಅತ್ತೇಬಿಟ್ಟರು.

ಫ್ರೇಮ್ 2 (12 ಸೆಕೆಂಡ್)
ಪುಟ್ಟಿ ಮೊರಕ್ಕೆ ಕೈ ಹಾಕಿ ಬೊಗಸೆ ತುಂಬ ಅಕ್ಕಿ ಎತ್ತುತ್ತಾಳೆ. ಬೆರಳ ಸಂದಿಯಿಂದ ಅಕ್ಕಿ ಜಾರುತ್ತೆ. ಪುಟ್ಟಿಯ ಬಾಯಿ ಸೊಟ್ಟಗಾಗುತ್ತೆ.
ಅಜ್ಜಿ: "ಉದುರಿತಾ ಪುಟ್ಟಿ? ಕೃಷ್ಣಂದೂ ಉದುರಿತ್ತು, ಗೊತ್ತಾ?"

ಫ್ರೇಮ್ 3 (12 ಸೆಕೆಂಡ್)
ಅಜ್ಜಿಯ ಮೊರ ದುಂಡಗಾಗಿ ಸೂರ್ಯನಾಗುತ್ತೆ. ಮಳೆ ನಿಂತಿದೆ. ಗೋಕುಲ. ಒಂದು ಕದಂಬ ಮರ, ಒಂದು ಕರು, ಹಿಂದೆ ಯಮುನೆಯ ಒಂದೇ ಒಂದು ಬಿಳಿ ಗೆರೆ. ಇಲ್ಲಿ ಅಡಿಕೆ ಮರ ಬರೆಯಬೇಡಿ. ಕೈ ತಾನಾಗಿ ಬರೆದುಬಿಡುತ್ತೆ, ಹುಷಾರು.

ಫ್ರೇಮ್ 4 (15 ಸೆಕೆಂಡ್)
ಹಣ್ಣಿನಜ್ಜಿ ಬರುತ್ತಾಳೆ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮಾವು, ಬಾಳೆ, ನೇರಳೆ. ಅನಾನಸ್, ಪೇರಲೆ ನಮ್ಮ ಮಕ್ಕಳಿಗೆ ಇಷ್ಟ, ಒಪ್ಪಿದೆ, ಆದರೆ ಅವು ನಮ್ಮಲ್ಲಿಗೆ ಬಂದಿದ್ದು ಪೋರ್ಚುಗೀಸರ ಕಾಲಕ್ಕೆ. ಬೇಡ.
ಹಣ್ಣಿನಜ್ಜಿ: "ಹಣ್ಣು ಬೇಕಾ ಹಣ್ಣೂ..."
ಎರಡು ಸಲ. ಎರಡನೇದಾದ ಮೇಲೆ ಮೂರು ಸೆಕೆಂಡ್ ಸುಮ್ನೆ ಬಿಡಿ, ಮಕ್ಕಳು ಕೂಗಲಿ.

ಫ್ರೇಮ್ 5 (15 ಸೆಕೆಂಡ್)
ಪುಟ್ಟ ಕೃಷ್ಣ ಬಾಗಿಲ ಹಿಂದಿನಿಂದ ಇಣುಕುತ್ತಾನೆ. ಮೊದಲು ನವಿಲುಗರಿ, ಆಮೇಲೆ ಕಣ್ಣು. ಓಡಿಹೋಗಿ ಕಣಜದಿಂದ ಬೊಗಸೆ ತುಂಬ ಭತ್ತ ತಗೊಳ್ಳುತ್ತಾನೆ. ದೊಡ್ಡವರು ಹಾಗೇ ಕೊಟ್ಟು ಹಣ್ಣು ಕೊಳ್ಳೋದನ್ನು ಅವನು ನೋಡಿದ್ದಾನೆ.
ಕೃಷ್ಣ: "ಅಜ್ಜೀ, ನಿಲ್ಲು! ನಂಗೂ ಹಣ್ಣು!"

ಫ್ರೇಮ್ 6, 7, 8 (ತಲಾ 15 ಸೆಕೆಂಡ್)
ಮೂರಕ್ಕೂ ಒಂದೇ ಓಟ, ಎಡದಿಂದ ಬಲಕ್ಕೆ. ಮೊದಲು ಕರು ಅಡ್ಡ ಬರುತ್ತೆ. ಆಮೇಲೆ ಮೆಟ್ಟಿಲು. ಕೊನೆಗೆ ಅಂಗಳದ ತುದಿ, ಅಲ್ಲಿ ಕಾರಣವೇ ಇಲ್ಲ, ಸುಮ್ನೆ ಖುಷಿಗೆ ಕುಣಿದು ಚೆಲ್ಲುತ್ತಾನೆ. ಪ್ರತಿಸಲ ಕಾಳು ಬೀಳುತ್ತೆ, ಪ್ರತಿಸಲ ಹಿಂದೆ ಗುಬ್ಬಚ್ಚಿ ಬಂದು ಹೆಕ್ಕುತ್ತೆ: ಒಂದು, ಎರಡು, ಮೂರು ಗುಬ್ಬಚ್ಚಿ.
ಅಜ್ಜಿಯ ದನಿ: "ಉದುರಿತು ಪಟ ಪಟ, ಓಡಿದ ದಡ ದಡ!"
ಕೃಷ್ಣ ಒಂದು ಸಲವೂ ಕೆಳಗೆ ನೋಡುವುದಿಲ್ಲ. ಅವನ ಕಣ್ಣು ಬುಟ್ಟಿ ಮೇಲೆ. ಇದನ್ನು ತಪ್ಪಿಸಬೇಡಿ, ಮುಂದಿನ ಫ್ರೇಮ್ ನಿಂತಿರೋದೇ ಇದರ ಮೇಲೆ.

ಫ್ರೇಮ್ 9 (25 ಸೆಕೆಂಡ್)
ಕ್ಲೋಸಪ್. ತೆರೆ ತುಂಬ ಎರಡು ಪುಟ್ಟ ಅಂಗೈ. ಸಂಗೀತ ಇಲ್ಲ.
ಬೆರಳಿಗೆ ಭತ್ತದ ಹೊಟ್ಟಿನ ಧೂಳು ಮೆತ್ತಿದೆ. ಹೆಬ್ಬೆರಳ ಬುಡದ ಮಡಿಕೆಯಲ್ಲಿ ಮೂರು ಕಾಳು.
ಅಜ್ಜಿಯ ದನಿ, ಮೆಲ್ಲಗೆ: "ಒಂದು. ಎರಡು. ಮೂರು. ಅಷ್ಟೇ."
ಮೂರು ಅನ್ನೋದು ಭಾಗವತದ್ದಲ್ಲ, ನಮ್ಮದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮೂರರ ತನಕ ಎಣಿಸುತ್ತಾರೆ.
ಕೃಷ್ಣ ಈಗ ಕೆಳಗೆ ನೋಡುತ್ತಾನೆ. ನವಿಲುಗರಿ ಜೋತುಬೀಳುತ್ತೆ. ಅವನು ಅಳೋದು ಬೇಡ. ತುಟಿ ಒಂದು ಚೂರು ನಡುಗಿದರೆ ಸಾಕು.

ಫ್ರೇಮ್ 10 (30 ಸೆಕೆಂಡ್)
ಹಣ್ಣಿನಜ್ಜಿ ಬುಟ್ಟಿ ಇಳಿಸಿ ಕುಕ್ಕರುಗಾಲಲ್ಲಿ ಕೂರುತ್ತಾಳೆ, ಅವಳ ಮುಖ ಅವನ ಮುಖದ ಮಟ್ಟಕ್ಕೆ ಬರಬೇಕು. ಮೂರು ಕಾಳು ನೋಡುತ್ತಾಳೆ. ಅವನನ್ನು ನೋಡುತ್ತಾಳೆ. ನಗುತ್ತಾಳೆ. ಕಾಳನ್ನು ಒಂದೊಂದಾಗಿ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ, ದುಡ್ಡು ಕಟ್ಟಿಕೊಂಡ ಹಾಗೆ. ಆ ಗಂಟು ಬೇಕೇ ಬೇಕು. ಅವನು ತಂದಿದ್ದು ಕಡಿಮೆ ಅಂತ ಯಾರೂ ಬಾಯಿಬಿಟ್ಟು ಹೇಳಬಾರದು.
ಹಣ್ಣಿನಜ್ಜಿ: "ಬಾ ಕಂದ, ಬೊಗಸೆ ಒಡ್ಡು."
ಒಂದು ಮಾವು. "ಬಾ ಕಂದ, ಬೊಗಸೆ ಒಡ್ಡು." ಒಂದು ಬಾಳೆ. "ಬಾ ಕಂದ, ಬೊಗಸೆ ಒಡ್ಡು." ಒಂದು ಹಿಡಿ ನೇರಳೆ. ಇಲ್ಲಿ ಎಣಿಕೆ ಬೇಡ. ಕಾಳಿಗೆ ಎಣಿಸಿದ್ದಾಯ್ತು, ಹಣ್ಣಿಗೆ ಎಣಿಸೋದಿಲ್ಲ.
ಈ ಸಲ ಏನೂ ಉದುರುವುದಿಲ್ಲ.

ಫ್ರೇಮ್ 11 (8 ಸೆಕೆಂಡ್)
ಕೃಷ್ಣ ಬಲದಿಂದ ಎಡಕ್ಕೆ ಓಡಿ ಮನೆಗೆ. ನೇರಳೆ ತಿಂದು ನಾಲಗೆ ನೀಲಿ. ಮೂರು ಗುಬ್ಬಚ್ಚಿ ಹಿಂದೆ ಹಿಂದೆ.

ಫ್ರೇಮ್ 12 (10 ಸೆಕೆಂಡ್)
ಹಣ್ಣಿನಜ್ಜಿ ಬುಟ್ಟಿ ಎತ್ತಲು ಬಗ್ಗುತ್ತಾಳೆ. ಒಳಗೆ ಮಿಣ ಮಿಣ. ರತ್ನಕ್ಕೆ ಅಂಗಡಿಯ ಹೊಳಪು ಬೇಡ. ಮಳೆಗಾಲಕ್ಕೆ ಮುಂಚೆ ನಮ್ಮ ತೋಟದಲ್ಲಿ ಮಿಂಚುಹುಳ ಬರುತ್ತಲ್ಲ, ಹಾಗೆ, ಒಂದು ಬೆಳಗಿ ಒಂದು ಆರಲಿ.
ಹಣ್ಣಿನಜ್ಜಿ: "ಅಯ್ಯೋ!"
ಮೊದಲು ಮುಟ್ಟಿ ನೋಡೋದು ಸೆರಗಿನ ಗಂಟನ್ನ.

ಫ್ರೇಮ್ 13 (23 ಸೆಕೆಂಡ್)
ಮತ್ತೆ ಜಗಲಿ, ಮತ್ತೆ ಮಳೆ. ಪುಟ್ಟಿ ನೆಲದ ಮೇಲೆ ಬೋರಲು ಮಲಗಿ ಅಕ್ಕಿ ಹೆಕ್ಕುತ್ತಿದ್ದಾಳೆ. ಒಂದು ಕಾಳು ಹಿಡಿದು ಅಜ್ಜಿಯ ಮುಂದೆ ಬೊಗಸೆ ಒಡ್ಡುತ್ತಾಳೆ.
ಪುಟ್ಟಿ: "ಹಣ್ಣು ಬೇಕು ಹಣ್ಣೂ..."
ಅಜ್ಜಿ ಆ ಕಾಳನ್ನು ಸೆರಗಿಗೆ ಗಂಟು ಹಾಕಿ, ಒಂದು ಪುಟ್ಟಬಾಳೆ ಸುಲಿದು ಕೊಡುತ್ತಾಳೆ.
ಪುಟ್ಟಿ, ಬಾಯಿ ತುಂಬ: "ಇನ್ನೊಂದ್ಸಲ!"
ಮಳೆಯ ಸದ್ದು. ತೆರೆ ಕೆಮ್ಮಣ್ಣಿನ ಬಣ್ಣಕ್ಕೆ.