ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಎಷ್ಟಿದೆ: ಟೈಟ್ರೇಶನ್ ಪ್ರಯೋಗದ ತೀರ್ಮಾನ ಮತ್ತು ದೋಷ ವಿಶ್ಲೇಷಣೆ

ತೀರ್ಮಾನ

ನಮಗೆ ಕೊಟ್ಟ ವಿನೆಗರ್‌ನ 100 ಮಿ.ಲೀ.ನಲ್ಲಿ 5.05 ± 0.03 ಗ್ರಾಂ ಅಸಿಟಿಕ್ ಆಮ್ಲ ಇದೆ. ಮೋಲಾರಿಟಿಯಲ್ಲಿ ಹೇಳುವುದಾದರೆ 0.842 ± 0.006 M. ಬಾಟಲಿಯ ಲೇಬಲ್ ಮೇಲೆ 5.0% ಎಂದಿದೆ. ಎರಡಕ್ಕೂ ಇರುವ ವ್ಯತ್ಯಾಸ 1%. ಲೇಬಲ್‌ನ ಸಂಖ್ಯೆಯಲ್ಲಿ ದಶಾಂಶದ ನಂತರ ಒಂದೇ ಅಂಕಿ ಇರುವುದರಿಂದ ಅದು 4.95ರಿಂದ 5.05ರ ನಡುವಿನ ಯಾವ ಬೆಲೆಯೂ ಆಗಿರಬಹುದು. ಹಾಗಾಗಿ ನಮ್ಮ ಉತ್ತರ ಲೇಬಲ್‌ಗೆ ಹೊಂದುತ್ತದೆ ಎಂದೇ ಹೇಳುತ್ತೇವೆ.

ಆದರೆ ಲೆಕ್ಕ ಮಾಡಿದಾಗ ಮೊದಲು ಬಂದದ್ದು ಈ ಉತ್ತರವಲ್ಲ. ಮೊದಲು ಬಂದದ್ದು 5.15%. ಅದು ಲೇಬಲ್‌ಗಿಂತ 3% ಜಾಸ್ತಿ. ಕೆಳಗಿನ ವಿಶ್ಲೇಷಣೆಯ ಬಹುಪಾಲು ಈ 3% ಎಲ್ಲಿಂದ ಬಂತು ಎನ್ನುವುದರ ಬಗ್ಗೆಯೇ ಇದೆ.

ಲೆಕ್ಕ ಹೀಗಿದೆ. 10 ಮಿ.ಲೀ. ವಿನೆಗರನ್ನು ನೀರು ಸೇರಿಸಿ 100 ಮಿ.ಲೀ. ಮಾಡಿಕೊಂಡೆವು. ಅದರಲ್ಲಿ 25 ಮಿ.ಲೀ. ತೆಗೆದುಕೊಂಡು, ಫಿನಾಲ್ಫ್ಥಲೀನ್ ಹಾಕಿ, ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಟೈಟ್ರೇಟ್ ಮಾಡಿದೆವು. ಅಂದಾಜಿಗೆಂದು ಮಾಡಿದ ಮೊದಲ ಸಲ 22.40 ಮಿ.ಲೀ. ಹಿಡಿಯಿತು. ಅದನ್ನು ಸರಾಸರಿಗೆ ಸೇರಿಸಿಲ್ಲ. ನಂತರದ ಮೂರು ಓದುಗಳು 21.80, 21.75 ಮತ್ತು 21.80 ಮಿ.ಲೀ. ಸರಾಸರಿ 21.78 ಮಿ.ಲೀ.

ಹಿಂದಿನ ವಾರದ ತರಗತಿಯಲ್ಲಿ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಬಳಸಿ ಸೋಡಿಯಂ ಹೈಡ್ರಾಕ್ಸೈಡ್‌ನ ಮೋಲಾರಿಟಿ ಕಂಡುಹಿಡಿದಿದ್ದೆವು. ಆಗ ಮೂರು ಸಲ ಸಿಕ್ಕಿದ ಬೆಲೆಗಳು 0.0984, 0.0985 ಮತ್ತು 0.0984 M. ಸರಾಸರಿ 0.0984 M. ಇದನ್ನೇ ಹಾಕಿದರೆ:

```
0.0984 × 21.78 / 25.00 = 0.0857 M
0.0857 M × 10 = 0.857 M
0.857 M × 60.05 = 51.5 g/L = 5.15%
```

ವಿನೆಗರ್ ಟೈಟ್ರೇಶನ್ ಮುಗಿದ ದಿನವೇ, ಅದೇ ಬಾಟಲಿಯ ದ್ರಾವಣವನ್ನು ಮತ್ತೆ ಥ್ಯಾಲೇಟ್ ಜೊತೆ ಪರೀಕ್ಷಿಸಿದೆವು. 0.5121 ಗ್ರಾಂ ಥ್ಯಾಲೇಟ್‌ಗೆ 25.95 ಮಿ.ಲೀ., 0.5096 ಗ್ರಾಂಗೆ 25.85 ಮಿ.ಲೀ. ಹಿಡಿಯಿತು. ಅಂದರೆ 0.0966 ಮತ್ತು 0.0965 M. ಒಂದು ವಾರದಲ್ಲಿ ಮೋಲಾರಿಟಿ ಸುಮಾರು 1.9% ಇಳಿದಿದೆ. ಎರಡರ ಸರಾಸರಿ 0.09658 M ಅನ್ನು ಹಾಕಿದಾಗ ಉತ್ತರ 5.05% ಬರುತ್ತದೆ. ಇದನ್ನೇ ಅಂತಿಮ ಉತ್ತರವಾಗಿ ಕೊಟ್ಟಿದ್ದೇವೆ.

ಇನ್ನೊಂದು ವಿಷಯ. ನಾವು ಅಳೆದದ್ದು ವಿನೆಗರ್‌ನ ಒಟ್ಟು ಆಮ್ಲೀಯತೆ. ಅದೆಲ್ಲವೂ ಅಸಿಟಿಕ್ ಆಮ್ಲದ್ದೇ ಎಂದು ಹಿಡಿದು ಲೆಕ್ಕ ಮಾಡಿದ್ದೇವೆ. ವಿನೆಗರ್‌ನಲ್ಲಿ ಬೇರೆ ಆಮ್ಲ ಸ್ವಲ್ಪ ಇದ್ದರೂ ಸೋಡಿಯಂ ಹೈಡ್ರಾಕ್ಸೈಡ್ ಅದರ ಜೊತೆಗೂ ವರ್ತಿಸುತ್ತದೆ. ಈ ವಿಧಾನದಲ್ಲಿ ಅವೆರಡನ್ನು ಬೇರೆ ಮಾಡಿ ನೋಡಲು ಆಗುವುದಿಲ್ಲ.

ದೋಷ ವಿಶ್ಲೇಷಣೆ

ಪ್ರತಿಯೊಂದು ದೋಷಕ್ಕೂ ಎರಡು ಪ್ರಶ್ನೆ ಕೇಳಿದ್ದೇವೆ. ಅದು ಉತ್ತರವನ್ನು ಯಾವ ಕಡೆ ತಳ್ಳುತ್ತದೆ? ಎಷ್ಟು ತಳ್ಳುತ್ತದೆ? ಈ ಎರಡಕ್ಕೆ ಉತ್ತರ ಇಲ್ಲದೆ ಸುಮ್ನೆ ‘ಮಾನವ ದೋಷ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

*ಓದುವಿಕೆ ಮತ್ತು ಗಾಜಿನ ಉಪಕರಣಗಳ ಅನಿಶ್ಚಿತತೆ*

ಬ್ಯೂರೆಟ್‌ನಲ್ಲಿ 0.1 ಮಿ.ಲೀ.ಗೆ ಒಂದು ಗೆರೆ ಇದೆ. ಎರಡು ಗೆರೆಗಳ ನಡುವೆ ಅಂದಾಜಿನಿಂದ ಓದಿದ್ದೇವೆ. ಒಂದು ಓದಿಗೆ ± 0.05 ಮಿ.ಲೀ. ಎಂದು ಹಿಡಿದಿದ್ದೇವೆ. ಪ್ರತಿ ಟೈಟ್ರೇಶನ್‌ಗೆ ಆರಂಭದ ಓದು, ಕೊನೆಯ ಓದು ಎಂದು ಎರಡು ಇರುವುದರಿಂದ ಒಟ್ಟು ± 0.07 ಮಿ.ಲೀ. ಆಗುತ್ತದೆ. 21.78ಕ್ಕೆ ಇದು 0.32%. ಥ್ಯಾಲೇಟ್ ಟೈಟ್ರೇಶನ್‌ನಲ್ಲೂ ಇದೇ ರೀತಿ 0.27%.

ಉಳಿದವು ಉಪಕರಣಗಳ ಮೇಲೆ ಗುರುತಿಸಿರುವ ಮಿತಿಗಳು. 25 ಮಿ.ಲೀ. ಪಿಪೆಟ್ ± 0.06, ಅಂದರೆ 0.24%. 100 ಮಿ.ಲೀ. ಫ್ಲಾಸ್ಕ್ ± 0.20, ಅಂದರೆ 0.20%. 10 ಮಿ.ಲೀ. ಪಿಪೆಟ್ ± 0.04, ಅಂದರೆ 0.40%. ತಕ್ಕಡಿಯ ± 0.0002 ಗ್ರಾಂ ಎಂದರೆ 0.04% ಮಾತ್ರ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಒಂದೇ, ಬಿಟ್ಟರೂ ಒಂದೇ.

ಇವು ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು. ಆದ್ದರಿಂದ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಿದ್ದೇವೆ:

```
√(0.32² + 0.27² + 0.24² + 0.20² + 0.40² + 0.04²) = 0.66%
```

5.05ರ 0.66% ಎಂದರೆ 0.03. ತೀರ್ಮಾನದಲ್ಲಿರುವ ± 0.03 ಬಂದದ್ದು ಇಲ್ಲಿಂದ.

ಇದರಲ್ಲಿ ಅತಿ ದೊಡ್ಡ ಪಾಲು 10 ಮಿ.ಲೀ. ಪಿಪೆಟ್‌ನದು, ಬ್ಯೂರೆಟ್‌ನದಲ್ಲ. ಪ್ರಯೋಗ ಮಾಡುವಾಗ ನಮ್ಮ ಗಮನವೆಲ್ಲ ಬ್ಯೂರೆಟ್ ಮೇಲೆಯೇ ಇತ್ತು. ಆದರೆ ಶುರುವಿನಲ್ಲಿ ಒಂದೇ ಒಂದು ಸಲ ಅಳೆದ ಆ 10 ಮಿ.ಲೀ. ತಪ್ಪಾದರೆ ಮೂರೂ ಓದುಗಳು ಒಂದೇ ರೀತಿ ತಪ್ಪಾಗುತ್ತವೆ. ಓದುಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡೇ ಇರುತ್ತವೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. 25 ಮಿ.ಲೀ. ವಿನೆಗರನ್ನು 250 ಮಿ.ಲೀ. ಫ್ಲಾಸ್ಕ್‌ನಲ್ಲಿ ತೆಳುವಾಗಿಸಿದ್ದರೆ ಈ 0.40% ಜಾಗದಲ್ಲಿ 0.24% ಬರುತ್ತಿತ್ತು.

ಬ್ಯೂರೆಟ್‌ನ ಗೆರೆಗಳೇ ಸ್ವಲ್ಪ ತಪ್ಪಾಗಿದ್ದರೆ? ಥ್ಯಾಲೇಟ್‌ಗೂ ವಿನೆಗರ್‌ಗೂ ಅದೇ ಬ್ಯೂರೆಟ್ ಬಳಸಿದ್ದೇವೆ. ಎರಡೂ ಸಲ ಸೊನ್ನೆಯ ಹತ್ತಿರದಿಂದಲೇ ಶುರು ಮಾಡಿದ್ದೇವೆ. ಮೋಲಾರಿಟಿ ಲೆಕ್ಕದಲ್ಲಿ ಈ ಗಾತ್ರ ಛೇದದಲ್ಲಿ ಬರುತ್ತದೆ, ವಿನೆಗರ್ ಲೆಕ್ಕದಲ್ಲಿ ಅಂಶದಲ್ಲಿ ಬರುತ್ತದೆ. ಹಾಗಾಗಿ ಆ ದೋಷದ ಬಹುಪಾಲು ತಾನಾಗಿಯೇ ಕಳೆದುಹೋಗುತ್ತದೆ. ಅದನ್ನು ಪ್ರತ್ಯೇಕವಾಗಿ ಸೇರಿಸಿಲ್ಲ.

*3% ವ್ಯತ್ಯಾಸಕ್ಕೆ ಕಾರಣ ಯಾವುದು*

ಅನಿಶ್ಚಿತತೆ 0.66%, ವ್ಯತ್ಯಾಸ 3%. ಓದುವಿಕೆಯ ಏರುಪೇರಿನಿಂದ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಮೂರು ಓದುಗಳ ನಡುವೆ ಇರುವ ಅಂತರವೇ 0.05 ಮಿ.ಲೀ., ಅಂದರೆ 0.23%. ಹಾಗಾದರೆ ಎಲ್ಲ ಓದುಗಳನ್ನೂ ಒಂದೇ ಕಡೆಗೆ ತಳ್ಳಿದ ಕಾರಣ ಇರಬೇಕು, ಅಲ್ವಾ? ಅದು ಉತ್ತರವನ್ನು ಹೆಚ್ಚಿಸುವಂಥದ್ದೂ ಆಗಿರಬೇಕು.

ಮೊದಲ ಅನುಮಾನ ಬಣ್ಣದ ಮೇಲೆ. ತೆಳು ಗುಲಾಬಿ ಬಂದ ಕೂಡಲೇ ನಿಲ್ಲಿಸದೆ ಗಾಢ ಗುಲಾಬಿ ಬರುವವರೆಗೆ ಬಿಟ್ಟರೆ ಉತ್ತರ ಹೆಚ್ಚಾಗುತ್ತದೆ. ದಿಕ್ಕು ಸರಿಯಾಗಿಯೇ ಇದೆ. ಆದರೆ ಅಳತೆ ಸಾಲದು. ಒಂದು ಹನಿ ಸುಮಾರು 0.05 ಮಿ.ಲೀ. 3%ಗೆ 0.65 ಮಿ.ಲೀ. ಬೇಕು. ಅಂದರೆ ಪ್ರತಿ ಸಲವೂ ಹದಿಮೂರು ಹನಿ ಜಾಸ್ತಿ ಬಿದ್ದಿರಬೇಕು. ಅಂದಾಜಿನ ಟೈಟ್ರೇಶನ್‌ನಲ್ಲಿ ನಿಜವಾಗಿಯೂ ಅಷ್ಟು ಬಿದ್ದಿತ್ತು. ಆಗ ಫ್ಲಾಸ್ಕ್‌ನ ದ್ರಾವಣ ಗಾಢ ಗುಲಾಬಿಯಾಗಿತ್ತು. ಉಳಿದ ಮೂರರಲ್ಲಿ ಹಾಗಾಗಿಲ್ಲ. ಅಲ್ಲದೆ ಥ್ಯಾಲೇಟ್‌ಗೂ ನಾವು ನೋಡಿದ್ದು ಇದೇ ಬಣ್ಣವನ್ನು. ಅಲ್ಲಿ ಒಂದು ಹನಿ ಹೆಚ್ಚಾದರೆ ಮೋಲಾರಿಟಿ ಕಡಿಮೆಯಾಗಿ, ಇಲ್ಲಿನ ಹೆಚ್ಚುವರಿಯನ್ನು ಅದು ಸರಿದೂಗಿಸುತ್ತದೆ.

ಸೂಚಕವೇ ತಪ್ಪು ಎನ್ನಲೂ ಆಗುವುದಿಲ್ಲ. ಅಸಿಟಿಕ್ ಆಮ್ಲ ಪೂರ್ತಿ ತಟಸ್ಥವಾದಾಗ ದ್ರಾವಣದ pH ಸುಮಾರು 8.7 ಇರುತ್ತದೆ. ಫಿನಾಲ್ಫ್ಥಲೀನ್ ಬಣ್ಣ ಬದಲಿಸುವುದು 8.3ರಿಂದ 10ರ ನಡುವೆ. ಮಿಥೈಲ್ ಆರೆಂಜ್ ಹಾಕಿದ್ದರೆ ಮಾತ್ರ ಕಥೆ ಬೇರೆ. ಅದರ ಬಣ್ಣ pH 4.4ಕ್ಕೇ ಪೂರ್ತಿ ಬದಲಾಗಿರುತ್ತದೆ. ಅಷ್ಟು ಹೊತ್ತಿಗೆ ಆಮ್ಲದ ಮೂರನೇ ಒಂದು ಭಾಗವೂ ಮುಗಿದಿರುವುದಿಲ್ಲ.

ಕೋನಿಕಲ್ ಫ್ಲಾಸ್ಕ್ ಒದ್ದೆಯಿತ್ತು ಎಂಬುದನ್ನೂ ದೋಷಗಳ ಪಟ್ಟಿಗೆ ಸೇರಿಸುವ ರೂಢಿ ಇದೆ. ಇದು ದೋಷವೇ ಅಲ್ಲ. ಫ್ಲಾಸ್ಕ್‌ಗೆ ಹೋದ ಆಮ್ಲದ ಪ್ರಮಾಣ ನೀರು ಸೇರಿದರೂ ಬದಲಾಗುವುದಿಲ್ಲ. ಪಿಪೆಟ್ ಒದ್ದೆಯಿದ್ದರೆ ಆಮ್ಲ ಕಡಿಮೆ ಹೋಗುತ್ತದೆ, ಆಗ ಉತ್ತರ ಇಳಿಯಬೇಕು. ನಮ್ಮದು ಏರಿದೆ. ಬ್ಯೂರೆಟ್‌ನಲ್ಲಿ ನೀರು ಉಳಿದಿದ್ದರೆ ಏರುತ್ತದೆ ನಿಜ. ಆದರೆ ಎರಡೂ ದಿನ ಸೋಡಿಯಂ ಹೈಡ್ರಾಕ್ಸೈಡ್‌ನಿಂದಲೇ ಅದನ್ನು ಎರಡು ಸಲ ತೊಳೆದು ತುಂಬಿದ್ದೇವೆ.

ಕೊನೆಗೆ ಉಳಿದದ್ದು ಸೋಡಿಯಂ ಹೈಡ್ರಾಕ್ಸೈಡ್. ದ್ರಾವಣದ ಬಾಟಲಿಯನ್ನು ಹಲವು ಗುಂಪುಗಳು ಹಂಚಿಕೊಂಡಿದ್ದವು. ವಾರದಲ್ಲಿ ಅದನ್ನು ಅನೇಕ ಸಲ ತೆರೆಯಲಾಗಿತ್ತು. ನಾವು ಎರಡನೇ ಸಲ ತೆಗೆದುಕೊಳ್ಳುವಾಗ ಬಾಟಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿತ್ತು. ಖಾಲಿ ಜಾಗದಲ್ಲಿ ಗಾಳಿ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್.

```
2 NaOH + CO2 → Na2CO3 + H2O
```

ಫಿನಾಲ್ಫ್ಥಲೀನ್ ಬಣ್ಣ ಬದಲಿಸುವ ಹೊತ್ತಿಗೆ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿರುತ್ತದೆ, ಅಷ್ಟೇ. ಅಂದರೆ ಎರಡು ಹೈಡ್ರಾಕ್ಸೈಡ್ ಕಳೆದುಕೊಂಡು, ಅವುಗಳ ಬದಲು ಒಂದರಷ್ಟೇ ಕೆಲಸ ಸಿಗುತ್ತದೆ. ದ್ರಾವಣದ ಬಲ ಇಳಿಯುತ್ತದೆ. ಆಮ್ಲವನ್ನು ಮುಗಿಸಲು ಜಾಸ್ತಿ ದ್ರಾವಣ ಬೇಕಾಗುತ್ತದೆ. ನಾವು ಮಾತ್ರ ಹಳೆಯ 0.0984ರಿಂದಲೇ ಗುಣಿಸುತ್ತೇವೆ. ಉತ್ತರ ಏರಲೇಬೇಕು.

ಅಳತೆಯೂ ಒಪ್ಪುತ್ತದೆ. ಮೋಲಾರಿಟಿ ಇಳಿದದ್ದು 0.0018 M. ಇದಕ್ಕೆ ಒಂದು ಲೀಟರ್ ದ್ರಾವಣ ಸುಮಾರು 0.08 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡರೆ ಸಾಕು. ಥ್ಯಾಲೇಟ್ ಪರೀಕ್ಷೆಗೂ ವಿನೆಗರ್‌ಗೂ ಒಂದೇ ಸೂಚಕ ಬಳಸಿದ್ದರಿಂದ, ಕಾರ್ಬೊನೇಟ್ ಇದ್ದರೂ ಹೊಸ ಮೋಲಾರಿಟಿ ಎರಡಕ್ಕೂ ಒಂದೇ ರೀತಿ ಹೊಂದುತ್ತದೆ. ಆ ಧೈರ್ಯದ ಮೇಲೆಯೇ ಉತ್ತರವನ್ನು 5.15ರಿಂದ 5.05ಕ್ಕೆ ತಿದ್ದಿದ್ದೇವೆ. 3%ರಲ್ಲಿ 1.9% ಹೀಗೆ ಹೋಯಿತು. ಉಳಿದ 1% ನಮ್ಮ ಅನಿಶ್ಚಿತತೆ ಮತ್ತು ಲೇಬಲ್‌ನ ಅಂಕಿಯ ನಿಖರತೆ ಇವುಗಳ ಒಳಗೇ ಬರುತ್ತದೆ.

ಇಲ್ಲಿ ಒಂದು ಮಿತಿ ಇದೆ. ಮೋಲಾರಿಟಿ ಇಳಿದಿದೆ ಎನ್ನುವುದು ನಾವು ಅಳೆದದ್ದು. ಕಾರ್ಬನ್ ಡೈಆಕ್ಸೈಡ್‌ನಿಂದಲೇ ಇಳಿಯಿತು ಎನ್ನುವುದು ನಮ್ಮ ಊಹೆ. ಯಾರಾದರೂ ಒದ್ದೆ ಬೀಕರ್‌ನಲ್ಲಿ ತೆಗೆದುಕೊಂಡು ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿದಿದ್ದರೂ ಹೀಗೇ ಆಗುತ್ತಿತ್ತು. ಎರಡನ್ನೂ ಬೇರೆ ಮಾಡಿ ನೋಡಲು ಸುಲಭ ದಾರಿ ಇದೆ. ದ್ರಾವಣಕ್ಕೆ ಸ್ವಲ್ಪ ಬೇರಿಯಂ ಕ್ಲೋರೈಡ್ ಹಾಕಿದರೆ, ಕಾರ್ಬೊನೇಟ್ ಇದ್ದಾಗ ಬಿಳಿ ಬೇರಿಯಂ ಕಾರ್ಬೊನೇಟ್ ಕಾಣಿಸಿಕೊಳ್ಳುತ್ತದೆ. ಬರೀ ನೀರು ಸೇರಿದ್ದರೆ ಏನೂ ಕಾಣುವುದಿಲ್ಲ. ಆ ದಿನ ಈ ಪರೀಕ್ಷೆಗೆ ಸಮಯ ಸಿಗಲಿಲ್ಲ. ಕಾರಣ ಯಾವುದೇ ಆಗಿರಲಿ, 5.05% ಎಂಬ ಉತ್ತರ ಬದಲಾಗುವುದಿಲ್ಲ, ಯಾಕೆಂದರೆ ಅದರ ಲೆಕ್ಕಕ್ಕೆ ಬಳಸಿದ್ದು ಅದೇ ದಿನ ಅಳೆದ ಮೋಲಾರಿಟಿ.