ರೇವತಿ ಅಕ್ಕನಿಗೆ: ಕೆಲಸ ಸಿಕ್ಕಿತು, ನಿಮ್ಮ ಮಾತು ಉಳಿಸುತ್ತೇನೆ

ಸುಂಟಿಕೊಪ್ಪ
ಅಕ್ಟೋಬರ್ 19, 2025, ಭಾನುವಾರ

ಪ್ರೀತಿಯ ರೇವತಿ ಅಕ್ಕ,

ಶುಕ್ರವಾರ ಸಂಜೆ ಫೋನಿನಲ್ಲಿ "ಸಿಕ್ತು ಅಕ್ಕ" ಅಂದವಳು ಅತ್ತುಬಿಟ್ಟೆ. ಹೇಳಬೇಕು ಅಂದುಕೊಂಡಿದ್ದು ಒಂದೂ ಹೇಳಲು ಆಗಲಿಲ್ಲ. ನೀವೂ "ಆಯ್ತು, ಮೊದಲು ನೀರು ಕುಡಿ" ಅಂತ ಹೇಳಿ ಇಟ್ಟುಬಿಟ್ಟಿರಿ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಅವತ್ತು ತೀರ್ಥೋದ್ಭವ ಅಲ್ವಾ, ಅಮ್ಮ ಬೆಳಿಗ್ಗೆಯೇ ಪಕ್ಕದ ಮನೆಯವರ ಜೊತೆ ತಲಕಾವೇರಿಗೆ ಹೋಗಿದ್ದರು. ಅವರು ತೀರ್ಥದ ಬಾಟಲಿ ಹಿಡಿದುಕೊಂಡು ಒಳಗೆ ಬರುವುದಕ್ಕೂ ಮೇಲ್ ಬರುವುದಕ್ಕೂ ಸರಿಹೋಯಿತು. ಮೇಲ್ ಓದಿ ಹೇಳಿದ ಕೂಡಲೇ ಅವರು ಕೇಳಿದ ಮೊದಲ ಮಾತು, "ರೇವತಿಗೆ ಹೇಳಿದ್ಯಾ?" ಅಂತ.

ಮೇಲ್‌ನಲ್ಲಿ ಇರುವುದು ಇಷ್ಟು. ನೀವು ಕೆಲಸ ಮಾಡುವ ಕಡೆಯೇ, ಕಾಫಿ ಸರಕು ಸ್ವೀಕಾರ ಮತ್ತು ಸ್ಯಾಂಪಲ್ ವಿಭಾಗದಲ್ಲಿ ಕೆಲಸ. ನವೆಂಬರ್ 17, ಸೋಮವಾರ ಸೇರಬೇಕು. ಆರು ತಿಂಗಳು ಪ್ರೊಬೇಷನ್. ಸಂಬಳ ಈಗಿನದಕ್ಕಿಂತ ಮೂರು ಸಾವಿರ ಜಾಸ್ತಿ. ಮಡಿಕೇರಿಯ ಘಾಟಿ ರಸ್ತೆ ಬಿಟ್ಟು ಇನ್ನು ಕುಶಾಲನಗರದ ಕಡೆ ಬಸ್ ಹತ್ತುವುದು. ಮಳೆಗಾಲದಲ್ಲಿ ಅಮ್ಮನಿಗೆ ಅದೇ ಒಂದು ದೊಡ್ಡ ನೆಮ್ಮದಿ.

ಅಕ್ಕ, ನೀವು ನನ್ನ ಹೆಸರು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದರೆ ಅದಕ್ಕಿಂತ ಜಾಸ್ತಿ, ಹೇಳಿದ ರೀತಿಗೆ ಥ್ಯಾಂಕ್ಸ್ ಹೇಳಬೇಕು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಸಾರ್ ನೀವು ಬರೆದುಕೊಟ್ಟಿದ್ದನ್ನು ಮುಂದೆ ಇಟ್ಟುಕೊಂಡೇ ಮಾತು ಶುರು ಮಾಡಿದರು. "ಲೆಕ್ಕದಲ್ಲಿ ನಂಬಬಹುದು. ಔಟ್‌ಟರ್ನ್ ತೆಗೆಯಲು ಬರುತ್ತದೆ. ಕಪ್ ಟೇಸ್ಟಿಂಗ್ ಗೊತ್ತಿಲ್ಲ, ಕಲಿಸಬೇಕಾಗುತ್ತದೆ." ಇಷ್ಟೇ ಮೂರು ಸಾಲು. ಅದನ್ನು ಅವರು ಓದಿ ಹೇಳಿದಾಗ ನನ್ನ ಎದೆ ಹಗುರವಾಯಿತು. ಇಲ್ಲದ್ದನ್ನು ಇದೆ ಅಂತ ನೀವು ಹೇಳಿದ್ದರೆ ನಾನು ಅದನ್ನು ನಿಜ ಮಾಡಿ ತೋರಿಸಬೇಕಿತ್ತು. ಬದಲಿಗೆ, ಕಪ್ ಟೇಸ್ಟಿಂಗ್ ಬಗ್ಗೆ ಕೇಳಿದಾಗ "ಗೊತ್ತಿಲ್ಲ ಸಾರ್, ಕಲಿಯುತ್ತೇನೆ" ಅಂತ ತಲೆ ಎತ್ತಿಯೇ ಹೇಳಿದೆ.

ಆಮೇಲೆ ಅವರು ಕೊಟ್ಟ ಲೆಕ್ಕ ಕೇಳಿ. ಅರ್ಧ ಕೆ.ಜಿ. ರೋಬಸ್ಟಾ ಚೆರ್ರಿ ಸಿಪ್ಪೆ ಬಿಡಿಸಿದಾಗ 265 ಗ್ರಾಂ ಬೀಜ ಬಂದರೆ, 50 ಕೆ.ಜಿ. ಚೀಲಕ್ಕೆ ಔಟ್‌ಟರ್ನ್ ಎಷ್ಟು? ಇಪ್ಪತ್ತಾರೂವರೆ ಅಂದೆ. "ಇಷ್ಟಕ್ಕೇ ದರ ಹೇಳ್ತೀರಾ?" ಅಂದರು. "ಇಲ್ಲ ಸಾರ್, ಮೊದಲು ತೇವಾಂಶ ನೋಡಬೇಕು. ಹನ್ನೊಂದು ದಾಟಿದ್ದರೆ ಈ ತೂಕದಲ್ಲಿ ನೀರೂ ಸೇರಿದೆ" ಅಂದೆ. ಅವರು ನಕ್ಕು, "ಇದು ರೇವತಿ ಅವರ ಮಾತು" ಅಂದರು. ಹೌದು ಅಕ್ಕ, ನಿಮ್ಮ ಮಾತೇ. ಹಳೇ ಅಂಗಡಿಯ ತಕ್ಕಡಿ ಪಕ್ಕ ನಿಂತು ನೀವು ಹೇಳಿಕೊಟ್ಟಿದ್ದು.

ಅಲ್ಲಿ ನೀವು ಕಲಿಸಿದ ಇನ್ನೊಂದು ವಿಷಯವನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ನಾನು ಸೇರಿದ ಮೊದಲ ಜನವರಿ. ಒಂದೇ ದಿನ ಮೂರು ಜೀಪು ಚೆರ್ರಿ ಬಂದಿತ್ತು. ಮಾದಾಪುರ ಕಡೆಯ ಬೆಳೆಗಾರರೊಬ್ಬರ 32 ಚೀಲದ ಚೀಟಿಗೆ ನಾನು ಬೇರೆಯವರ ತೇವಾಂಶ ಬರೆದುಬಿಟ್ಟಿದ್ದೆ. ಅವರಿಗೆ ದುಡ್ಡು ಕಡಿಮೆ ಹೋಗಿತ್ತು. ಸಂಜೆ ಲೆಕ್ಕ ಮುಗಿಸುವಾಗ ಗೊತ್ತಾಯಿತು. ನಾಳೆ ಸುಮ್ನೆ ತಿದ್ದಿಬಿಡೋಣ ಅಂತ ನನ್ನ ಮನಸ್ಸಿನಲ್ಲಿತ್ತು. ನೀವು ಬೈಯಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, "ಈಗಲೇ ಮಾಡು. ತಪ್ಪು ನನ್ನದು ಅಂತ ನೀನೇ ಹೇಳು" ಅಂದಿರಿ. ನನ್ನ ಕೈ ನಡುಗುತ್ತಿತ್ತು. ಅವರು ಎಲ್ಲ ಕೇಳಿ, "ಪರವಾಗಿಲ್ಲಮ್ಮ, ಇವತ್ತೇ ಹೇಳಿದೆಯಲ್ಲ" ಅಂದರು. ಮುಂದಿನ ವರ್ಷವೂ ಅವರ ಕಾಫಿ ನಮ್ಮಲ್ಲಿಗೇ ಬಂತು. ಅವತ್ತಿನಿಂದ ನಾನು ಯಾವ ತಪ್ಪನ್ನೂ ಮರುದಿನಕ್ಕೆ ಉಳಿಸಿಕೊಂಡಿಲ್ಲ.

ಇದನ್ನು ಈಗ ಯಾಕೆ ನೆನಪಿಸುತ್ತಿದ್ದೇನೆ ಅಂದರೆ, ಹೊಸ ಕಡೆಯೂ ನನ್ನಿಂದ ತಪ್ಪು ಆಗಬಹುದು. ಆಗಲೇಬಾರದು ಅಂತ ಎಚ್ಚರದಿಂದ ಇರುತ್ತೇನೆ. ಆದರೂ ಹೊಸ ಜಾಗ, ಸುಗ್ಗಿಯ ಹೊತ್ತು, ಸಾಲುಗಟ್ಟಿ ಲಾರಿ. ಆಗ ಆ ತಪ್ಪಿಗೆ ನಿಮ್ಮ ಹೆಸರು ಅಂಟಿಕೊಳ್ಳಬಾರದು. ಎರಡು ವರ್ಷ ದುಡಿದು ನೀವು ಅಲ್ಲಿ ಒಂದು ಹೆಸರು ಮಾಡಿಕೊಂಡಿದ್ದೀರಿ. ನೀವು ಸಹಿ ಹಾಕಿದ ಸ್ಯಾಂಪಲ್ ಚೀಟಿಯನ್ನು ಎರಡನೇ ಸಲ ನೋಡುವುದಿಲ್ಲ ಅಂತ ಮ್ಯಾನೇಜರ್ ಸಾರ್ ಅವತ್ತು ಹೇಳಿದರು. ಅಂಥ ನಂಬಿಕೆಯಲ್ಲಿ ಒಂದು ಪಾಲು ತೆಗೆದು ನೀವು ನನ್ನ ಮೇಲೆ ಇಟ್ಟಿದ್ದೀರಿ. ಅದನ್ನು ಕಾಪಾಡುವುದು ನನ್ನ ಕೆಲಸ.

ಅದಕ್ಕೇ ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ. ನನ್ನ ಕೆಲಸದ ಬಗ್ಗೆ ಯಾರಾದರೂ ನಿಮ್ಮನ್ನು ಕೇಳಿದರೆ ಕಂಡದ್ದನ್ನು ಕಂಡ ಹಾಗೆ ಹೇಳಿ. ನನ್ನ ಪರವಾಗಿ ಒಂದು ಮಾತೂ ಸೇರಿಸಬೇಡಿ. ಚೆನ್ನಾಗಿ ಮಾಡುತ್ತಿಲ್ಲ ಅಂತ ಅನಿಸಿದರೆ ಮೊದಲು ನನಗೆ ಹೇಳಿ, ಆಮೇಲೂ ಸರಿಹೋಗದಿದ್ದರೆ ಅವರಿಗೂ ಹೇಳಿ. ನನಗೆ ಒಂದು ಚೂರೂ ಬೇಸರ ಆಗುವುದಿಲ್ಲ. ರಜೆಗೆ, ಶಿಫ್ಟ್ ಬದಲಾವಣೆಗೆ ನಿಮ್ಮ ಮೂಲಕ ಕೇಳಿಸುವುದಿಲ್ಲ. ಆಫೀಸಿನಲ್ಲಿ "ನಾನು ರೇವತಿ ಅಕ್ಕನ ಕಡೆಯವಳು" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಊರಿನಲ್ಲೂ ಅಷ್ಟೇ. ನಿನ್ನೆಯೇ ಒಬ್ಬರು ಅಮ್ಮನ ಹತ್ತಿರ "ನಮ್ಮ ಹುಡುಗನಿಗೂ ಅವರು ಒಂದು ಕೆಲಸ ಕೊಡಿಸ್ತಾರಾ" ಅಂತ ಕೇಳಿದರು. ಕೊಡಿಸಿದ್ದಲ್ಲ, ಪರೀಕ್ಷೆ ಮಾಡಿ ಅವರೇ ತೆಗೆದುಕೊಂಡಿದ್ದು ಅಂತ ಅಮ್ಮ ಬಿಡಿಸಿ ಹೇಳಿದರು. ನಿಮ್ಮ ಮನೆ ಬಾಗಿಲಿಗೆ ಯಾರೂ ಬಯೋಡಾಟಾ ಹಿಡಿದುಕೊಂಡು ಬರುವ ಹಾಗೆ ನಾವು ಮಾಡುವುದಿಲ್ಲ.

ಈಗ ಹಳೇ ಅಂಗಡಿಯ ವಿಷಯ. ನಿಮಗೆ ಅಲ್ಲೇ ಜಾಸ್ತಿ ಸಂಕಟ ಇತ್ತು ಅಂತ ನನಗೆ ಗೊತ್ತು. ನೀವು ಬಿಟ್ಟು ಹೋದ ಮೇಲೆ ನನ್ನನ್ನೂ ಎಳೆದುಕೊಂಡು ಹೋದಿರಿ ಅಂತ ಯಜಮಾನರು ಅಂದುಕೊಳ್ಳಬಾರದಲ್ಲ. ನಿನ್ನೆ ಬೆಳಿಗ್ಗೆ ನಾನೇ ಹೋಗಿ ಅವರ ಎದುರು ಕೂತು ಹೇಳಿದೆ. ಕುಶಾಲನಗರದಲ್ಲಿ ಜಾಗ ಖಾಲಿ ಇದೆಯಾ ಅಂತ ಜುಲೈನಲ್ಲಿ ನಾನಾಗಿಯೇ ನಿಮ್ಮನ್ನು ಕೇಳಿದ್ದು, ನೀವು ಮೊದಲು "ಇನ್ನೊಮ್ಮೆ ಯೋಚನೆ ಮಾಡಿಕೊಂಡು ಆಮೇಲೆ ಹೇಳು" ಅಂತ ಒಂದು ತಿಂಗಳು ತಡೆದದ್ದು, ಎಲ್ಲ ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಖ ಸಪ್ಪಗಾಯಿತು, ಅದು ಸಹಜ. ಆಮೇಲೆ "ಸುಗ್ಗಿ ಶುರುವಾಗುವ ಮೊದಲೇ ಹೇಳಿದ್ದು ಒಳ್ಳೇದಾಯ್ತು" ಅಂದರು. ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಬರಲಿಲ್ಲ. ಒಂದು ತಿಂಗಳ ನೋಟಿಸ್ ಪೂರ್ತಿ ಮಾಡುತ್ತೇನೆ. ಕರಿಮೆಣಸಿನ ಹಳೇ ದಾಸ್ತಾನಿನ ಲೆಕ್ಕ ಮುಗಿಸಿ, ಬರುವ ಹೊಸ ಹುಡುಗಿಗೆ ಮಾಯಿಶ್ಚರ್ ಮೀಟರ್ ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟೇ ಹೊರಡುವುದು. ನೀವು ನನಗೆ ಹೇಳಿಕೊಟ್ಟ ಹಾಗೆಯೇ.

ಇನ್ನೊಂದು ಮಾತು. ಸೇರಿ ಮೂರು ತಿಂಗಳಿಗೆ ಬಿಟ್ಟು ಹೋದರೆ ಆಡಿಕೊಳ್ಳುವುದು ನಿಮ್ಮನ್ನು. ಈ ಸುಗ್ಗಿ, ಬರುವ ಸುಗ್ಗಿ, ಎರಡೂ ಅಲ್ಲಿ ನಿಂತು ಕೆಲಸ ಮಾಡುವ ಮನಸ್ಸು ಮಾಡಿಯೇ ಒಪ್ಪಿಕೊಂಡಿದ್ದೇನೆ. ಮನೆಯಲ್ಲಿ ಏನಾದರೂ ಆಗಿ ಬಿಡಬೇಕಾಗಿ ಬಂದರೆ, ಬೇರೆ ಯಾರಿಂದಲೋ ನಿಮಗೆ ಗೊತ್ತಾಗುವುದಿಲ್ಲ. ಮೊದಲು ನಾನೇ ಹೇಳುತ್ತೇನೆ.

ಮ್ಯಾನೇಜರ್ ಸಾರ್‌ಗೆ ಒಪ್ಪಿಗೆಯ ಮೇಲ್ ಕಳಿಸಬೇಕು. ಅದರಲ್ಲಿ ನಿಮ್ಮ ಹೆಸರು ಬರುವುದರಿಂದ ನಿಮ್ಮನ್ನು ಕೇಳದೆ ಕಳಿಸಲು ಮನಸ್ಸು ಬರಲಿಲ್ಲ. ಹೀಗೆ ಬರೆದಿಟ್ಟಿದ್ದೇನೆ:

"ಮಾನ್ಯರೇ, ಸ್ಯಾಂಪಲ್ ವಿಭಾಗದ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ನವೆಂಬರ್ 17ರಂದು ಬೆಳಿಗ್ಗೆ ಹಾಜರಾಗುತ್ತೇನೆ. ನನ್ನ ಹೆಸರು ನಿಮಗೆ ತಿಳಿಸಿದ ರೇವತಿ ಅವರಿಗೆ ನಾನು ಋಣಿ. ಅವರು ತಮಗೆ ಗೊತ್ತಿದ್ದಷ್ಟನ್ನು ಹೇಳಿದ್ದಾರೆ, ಪರೀಕ್ಷೆ ಮಾಡಿ ತೆಗೆದುಕೊಂಡವರು ನೀವು. ಇನ್ನು ಮುಂದೆ ನನ್ನ ಕೆಲಸಕ್ಕೆ ನಾನೇ ಜವಾಬ್ದಾರಿ. ಏನಾದರೂ ಕೊರತೆ ಕಂಡರೆ ನೇರವಾಗಿ ನನ್ನನ್ನೇ ಕೇಳಬೇಕು, ಅದು ಅವರ ಮಾತಿನ ಮೇಲೆ ಬರಬಾರದು ಎಂದು ಕೋರುತ್ತೇನೆ."

ಇದರಲ್ಲಿ ಕೊನೆಯ ಎರಡು ಸಾಲು ಬೇಕಾ ಅಂತ ತುಂಬಾ ಯೋಚನೆ ಮಾಡಿದೆ. ಸೇರುವ ಮೊದಲೇ ಕೊರತೆಯ ಮಾತು ಯಾಕೆ ಅಂತ ಅಮ್ಮ ಕೇಳಿದರು. ಆದರೆ ನನಗೆ ಅದು ಇರಲೇಬೇಕು ಅನಿಸುತ್ತದೆ. ಈಗ ಹೇಳದೆ, ತಪ್ಪು ಆದ ಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ನಿಮಗೆ ಏನಾದರೂ ಕೊಡಬೇಕು ಅಂತ ಅಮ್ಮನಿಗೆ ತುಂಬಾ ಆಸೆ. ಸೀರೆ ತೆಗೆಯೋಣ ಅಂದರು. ನಾನೇ ಬೇಡ ಅಂದೆ. ಕೆಲಸ ಸಿಕ್ಕ ಕೂಡಲೇ ಸೀರೆ ಹೋಯಿತು ಅಂತ ನಾಲ್ಕು ಜನ ನಾಲ್ಕು ಥರ ಮಾತಾಡುವುದು ಬೇಡ ಅಲ್ವಾ. ನೀವೂ ತೆಗೆದುಕೊಳ್ಳುವವರಲ್ಲ. ಹುತ್ತರಿಗೆ ನಮ್ಮ ಮನೆಗೆ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಾಲ್ಕು ವರ್ಷ ಪ್ರತಿ ಹುತ್ತರಿಗೂ ಡಬ್ಬಿಯಲ್ಲಿ ನಿಮಗೆ ತಂಬಿಟ್ಟು ತರುತ್ತಿದ್ದೆನಲ್ಲ. ಈ ಸಲ ಎದುರಿಗೆ ಕೂರಿಸಿ, ತುಪ್ಪ ಹಾಕಿ ತಿನ್ನಿಸಬೇಕು ಅಂತ ಅಮ್ಮ ಕಾಯುತ್ತಿದ್ದಾರೆ.

ಮೇಲೆ ಬರೆದ ಮೇಲ್ ಒಮ್ಮೆ ಓದಿ. ಒಂದು ಪದ ಸರಿ ಇಲ್ಲ ಅನಿಸಿದರೂ ಹೇಳಿ, ತೆಗೆದುಬಿಡುತ್ತೇನೆ. ನಿಮ್ಮ ಹೆಸರೇ ಬೇಡ ಅಂದರೂ ಸರಿ. ನೀವು "ಕಳಿಸು" ಅಂದ ಮೇಲೆಯೇ ಕಳಿಸುವುದು.

ನಿಮ್ಮ,
ಕಾವ್ಯ