ಫ್ರಿಜ್ ಇಲ್ಲದ ರೂಮಿಗೆ ಒಂದು ವಾರದ ಅಡುಗೆ: ಭಾನುವಾರದ ತಯಾರಿ, ಸಾಮಾನಿನ ಅಳತೆ

ಈ ಪಟ್ಟಿ ಮೈಸೂರಿನ ಪಡುವಾರಹಳ್ಳಿ ಕಡೆ ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದು ಓದುವವರಿಗೆ. ಇರುವುದು ಒಂದು ಇಂಡಕ್ಷನ್ ಒಲೆ, ಮೂರು ಲೀಟರ್ ಕುಕ್ಕರ್, ತಳ ಅಗಲವಾದ ಸ್ಟೀಲ್ ಪಾತ್ರೆ, ಒಂದು ಬಾಣಲೆ, ಮುದ್ದೆ ಕೋಲು, ತುರಿಯುವ ಮಣೆ. ಮಿಕ್ಸಿ ಇಲ್ಲ, ಫ್ರಿಜ್ ಇಲ್ಲ. ಊರಿಂದ ತಂದ ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಅಯಸ್ಕಾಂತ ಹಿಡಿಯುವ ತಳ ಇರಬೇಕು.

ಫ್ರಿಜ್ ಇಲ್ಲದ ಮೇಲೆ ವಾರದ ಅಡುಗೆ ಒಂದೇ ದಿನ ಮಾಡಿಡಲು ಆಗುವುದಿಲ್ಲ. ಭಾನುವಾರ ಮಾಡಿಡುವುದೆಲ್ಲ ನೀರಿಲ್ಲದ್ದು: ಹುರಿದದ್ದು, ಪುಡಿ ಮಾಡಿದ್ದು, ಎಣ್ಣೆಯಲ್ಲಿ ಕುದಿಸಿದ್ದು. ಅಡುಗೆ ದಿನಕ್ಕೆ ಎರಡೇ ಸಲ. ಬೆಳಿಗ್ಗೆ ಮಾಡಿದ್ದರಲ್ಲಿ ಅರ್ಧ ತಿಂಡಿಗೆ, ಅರ್ಧ ಡಬ್ಬಿಗೆ. ರಾತ್ರಿ ಸಾರು, ಮುದ್ದೆ.

ಭಾನುವಾರ ತರಬೇಕಾದ್ದು

ದಿನಸಿ: ಹಳೇ ಸೋನಾಮಸೂರಿ ಅಕ್ಕಿ 1 ಕೆಜಿ, ರಾಗಿ ಹಿಟ್ಟು 1 ಕೆಜಿ (ಖರ್ಚಾಗುವುದು 600 ಗ್ರಾಂ), ತೊಗರಿಬೇಳೆ 200 ಗ್ರಾಂ, ಹುರುಳಿಕಾಳು 100, ಅಲಸಂದೆಕಾಳು 100, ಉಪ್ಪಿಟ್ಟಿನ ರವೆ 250, ಗಟ್ಟಿ ಅವಲಕ್ಕಿ 100, ಕಡಲೆಕಾಯಿ ಬೀಜ 100, ಕೊಬ್ಬರಿ 100, ಹುಣಸೆಹಣ್ಣು 100, ಬೆಲ್ಲ 100, ಸಾರಿನ ಪುಡಿ 50 ಗ್ರಾಂ. ಅರ್ಧ ಲೀಟರ್ ಎಣ್ಣೆ ತಂದರೆ ಹೆಚ್ಚು ಕಡಿಮೆ ಹದಿನೈದು ದಿನ. ಸಾಸಿವೆ, ಅರಿಶಿನ, ಉಪ್ಪು, ಕಡ್ಲೆಬೇಳೆ, ಒಣಮೆಣಸಿನಕಾಯಿ ತಿಂಗಳಿಗೊಮ್ಮೆ ಸಾಕು.

ತರಕಾರಿ, ದೇವರಾಜ ಮಾರುಕಟ್ಟೆಯಲ್ಲೋ ಹತ್ತಿರದ ಹಾಪ್‌ಕಾಮ್ಸ್‌ನಲ್ಲೋ: ಈರುಳ್ಳಿ 1 ಕೆಜಿ, ಆಲೂಗಡ್ಡೆ 250 ಗ್ರಾಂ, ಹುರುಳಿಕಾಯಿ 100, ಕ್ಯಾರೆಟ್ 150, ನುಗ್ಗೆಕಾಯಿ 2, ಚಿಕ್ಕ ಎಲೆಕೋಸು ಒಂದು (400 ಗ್ರಾಂ ಒಳಗೆ), ದಂಟಿನ ಸೊಪ್ಪು 1 ಕಟ್ಟು, ಪಾಲಕ್ 1 ಕಟ್ಟು, ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ 50 ಗ್ರಾಂ, ಬೆಳ್ಳುಳ್ಳಿ 100, ಶುಂಠಿ ಒಂದು ತುಂಡು, ನಿಂಬೆಹಣ್ಣು 2. ಟೊಮೆಟೊ ಎಂಟು: ನಾಲ್ಕು ಹಣ್ಣಾದವು, ನಾಲ್ಕು ದೋರೆಗಾಯಿ. ಎಂಟೂ ಕೆಂಪಗಿರುವುದನ್ನೇ ಆರಿಸಿದರೆ ಗುರುವಾರ ಎರಡು ಕೊಳೆತಿರುತ್ತವೆ. ಮೊಟ್ಟೆ 6. ಹಾಲು ಅರ್ಧ ಲೀಟರ್‌ನಂತೆ ಸೋಮ, ಬುಧ, ಶುಕ್ರ; ತಂದ ಕೂಡಲೇ ಕಾಯಿಸಬೇಕು.

ತೆಂಗಿನಕಾಯಿ ಬೇಡ. ಒಡೆದ ಹೋಳು ಎರಡು ದಿನಕ್ಕೆ ಲೋಳೆಯಾಗುತ್ತದೆ, ಡಬ್ಬಿಗೆ ಹಾಕಿದ ಕಾಯಿತುರಿ ಮಧ್ಯಾಹ್ನಕ್ಕೇ ವಾಸನೆ ಬರುತ್ತದೆ. ರುಚಿಗೆ ಹಸಿ ಕಾಯಿಯೇ ಮೇಲು, ಆದರೆ ಒಬ್ಬರಿಗೆ ಕೊಬ್ಬರಿಯೇ ಸರಿ.

ಭಾನುವಾರ ಸಂಜೆ ಮಾಡಿಡುವುದು

ತರಕಾರಿ ತೊಳೆಯಬೇಡಿ, ಹೆಚ್ಚಿಡಬೇಡಿ. ಒದ್ದೆಯಾದರೆ ಕೊಳೆಯುತ್ತದೆ. ಹಸಿಮೆಣಸಿನಕಾಯಿ ತೊಟ್ಟು ಕಿತ್ತು ಪೇಪರಿನಲ್ಲಿ ಸುತ್ತಿಡಿ. ಪಾಲಕ್ ಬೇರು ಕತ್ತರಿಸದೆ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಬೆವೆತು ಕರಗುತ್ತದೆ. ಈರುಳ್ಳಿ ಆಲೂಗಡ್ಡೆ ಬೇರೆ ಬೇರೆ ಇರಲಿ, ಒಟ್ಟಿಗಿಟ್ಟರೆ ಆಲೂಗಡ್ಡೆ ಬೇಗ ಮೊಳೆಯುತ್ತದೆ.

ರವೆ ಅಷ್ಟನ್ನೂ ಸಣ್ಣ ಉರಿಯಲ್ಲಿ ಘಮ್ ಎನ್ನುವವರೆಗೆ ಹುರಿದು, ಆರಿಸಿ ಡಬ್ಬಕ್ಕೆ. ಕಡಲೆಕಾಯಿ ಬೀಜವನ್ನೂ ಹುರಿದಿಡಿ. ಕೊಬ್ಬರಿ ತುರಿದು ಎಣ್ಣೆ ಇಲ್ಲದೆ ಬಿಸಿ ಮಾಡಿ, ಕೈಯಲ್ಲಿ ಉಜ್ಜಿ ಪುಡಿ ಮಾಡಿ. 60 ಗ್ರಾಂ ಹುರುಳಿಕಾಳು ರಾತ್ರಿ ನೆನೆಹಾಕಿ, ಸೋಮವಾರ ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಮಂಗಳವಾರ ಸಂಜೆಗೆ ಮೊಳಕೆ ಸಿದ್ಧ. ಕಾಳು ನೀರಿನಲ್ಲೇ ಉಳಿದರೆ ಮೊಳೆಯದೆ ಹುಳಿಯುತ್ತದೆ.

ಪುಳಿಯೋಗರೆ ಗೊಜ್ಜು ಎರಡು ದಿನದ ಬೆಳಿಗ್ಗೆಯ ಕೆಲಸ ಉಳಿಸುತ್ತದೆ. 50 ಗ್ರಾಂ ಹುಣಸೆಹಣ್ಣನ್ನು ಒಂದು ಲೋಟ ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಿಂಡಿ. ನಾಲ್ಕು ಚಮಚ ಎಣ್ಣೆಗೆ ಸಾಸಿವೆ, ಕಡ್ಲೆಬೇಳೆ, ಮೂರು ಒಣಮೆಣಸಿನಕಾಯಿ, ಕರಿಬೇವು; ಆಮೇಲೆ ಹುಣಸೆ ರಸ, ಅರಿಶಿನ, ಒಂದೂವರೆ ಚಮಚ ಉಪ್ಪು, ನಿಂಬೆ ಗಾತ್ರದ ಬೆಲ್ಲ, ಎರಡು ಚಮಚ ಸಾರಿನ ಪುಡಿ. ಮೊದಲು ಗುಳ್ಳೆ ಸಿಡಿಯುತ್ತವೆ, ಆಮೇಲೆ ಗೊಜ್ಜು ಪಾತ್ರೆಯ ಅಂಚು ಬಿಟ್ಟು ಬರುತ್ತದೆ, ಕೊನೆಗೆ ಸುತ್ತ ಎಣ್ಣೆ ತೇಲುತ್ತದೆ. ಎಣ್ಣೆ ತೇಲುವ ಮೊದಲೇ ಇಳಿಸಿದರೆ ಒಳಗೆ ನೀರಿದೆ ಎಂದರ್ಥ, ಬೂಸ್ಟು ಬರುತ್ತದೆ. ಕಡಲೆಕಾಯಿ ಬೀಜ ಇದಕ್ಕೆ ಹಾಕಬೇಡಿ, ಮೆತ್ತಗಾಗುತ್ತದೆ. ಕಲಸುವಾಗ ಕೊಬ್ಬರಿ ಪುಡಿಯ ಜೊತೆ ಹಾಕಿ. ಒಣ ಚಮಚವೇ ಇರಲಿ.

ವಾರ

ಬೇಗ ಹಾಳಾಗುವುದು ಮೊದಲು, ತಡೆಯುವುದು ಕೊನೆಗೆ. ಅದೇ ಲೆಕ್ಕ.

ಭಾನುವಾರ ರಾತ್ರಿ: ದಂಟಿನ ಬಸ್ಸಾರು, ಮುದ್ದೆ. 50 ಗ್ರಾಂ ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದದ್ದನ್ನು ಬಸಿಯಿರಿ. ಒಂದು ಹಿಡಿ ಬೇಳೆ-ಸೊಪ್ಪನ್ನು ಹಿಸುಕಿ ಬಸಿದ ಕಟ್ಟಿಗೇ ಹಾಕಿದರೆ ಮಿಕ್ಸಿ ಇಲ್ಲದೆಯೂ ಸಾರು ಮಂದ ಬರುತ್ತದೆ. ಜಜ್ಜಿದ ಬೆಳ್ಳುಳ್ಳಿ, ಹುಣಸೆ ರಸ, ಸಾರಿನ ಪುಡಿ ಹಾಕಿ ಕುದಿಸಿ. ಉಳಿದ ಸೊಪ್ಪು ಪಲ್ಯಕ್ಕೆ.

ಸೋಮವಾರ: ಬೆಳಿಗ್ಗೆ ಚಿತ್ರಾನ್ನ (ಅಕ್ಕಿ 180 ಗ್ರಾಂ), ಒಂದು ಮೊಟ್ಟೆ. ರಾತ್ರಿ ಪಾಲಕ್ ಮಸ್ಸೊಪ್ಪು, ಬೇಳೆ 50, ಮುದ್ದೆ.

ಮಂಗಳವಾರ: ಹುರುಳಿಕಾಯಿ-ಕ್ಯಾರೆಟ್ ಬಾತ್, ತರಕಾರಿ ತಲಾ 100, ಅಕ್ಕಿ 180. ರಾತ್ರಿ ಮೊಳಕೆ ಹುರುಳಿಕಾಳಿನ ಸಾರು, ನಾಲ್ಕು ವಿಷಲ್, ಮುದ್ದೆ.

ಬುಧವಾರ: ಪುಳಿಯೋಗರೆ, ಅಕ್ಕಿ 180, ಒಂದು ಮೊಟ್ಟೆ. ರಾತ್ರಿ ನುಗ್ಗೆಕಾಯಿ ಬೇಳೆ ಸಾರು (ಬೇಳೆ 50), ಮುದ್ದೆ.

ಗುರುವಾರ: ಉಪ್ಪಿಟ್ಟು, ರವೆ 150, ಉಳಿದ ಕ್ಯಾರೆಟ್. ಒಂದು ಲೋಟಕ್ಕೆ ಮೂರು ಲೋಟ ನೀರು. ಎರಡೂವರೆ ಹಾಕಿದರೆ ಮಧ್ಯಾಹ್ನ ಡಬ್ಬಿಯಲ್ಲಿ ಇಟ್ಟಿಗೆ. ರಾತ್ರಿ ಎರಡು ಮೊಟ್ಟೆಯ ಸಾರು, ಮುದ್ದೆ.

ಶುಕ್ರವಾರ: ಪುಳಿಯೋಗರೆ, ಮೊಟ್ಟೆ. ರಾತ್ರಿ ಅನ್ನ (100), ಬೇಳೆ 40 ಹಾಕಿದ ತಿಳಿಸಾರು, ಎಲೆಕೋಸಿನ ಪಲ್ಯ. ಮಲಗುವ ಮುಂಚೆ ಒಂದು ಲೋಟ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ.

ಶನಿವಾರ: ಬೆಳಿಗ್ಗೆ ಒಗ್ಗರಣೆ ಅವಲಕ್ಕಿ 80 ಗ್ರಾಂ, ಆಲೂಗಡ್ಡೆ, ಕೊನೆಯ ಮೊಟ್ಟೆ. ಅರ್ಧ ದಿನ ಕಾಲೇಜು, ಹಾಗಾಗಿ ಮಧ್ಯಾಹ್ನ ರೂಮಿನಲ್ಲೇ ಮೊಸರನ್ನ (ಅಕ್ಕಿ 100), ಉಳಿದ ಎಲೆಕೋಸು. ಬೆಳಿಗ್ಗೆ ನೆನೆಹಾಕಿದ 60 ಗ್ರಾಂ ಅಲಸಂದೆ, ಆಲೂಗಡ್ಡೆ ಸೇರಿಸಿ ರಾತ್ರಿ ಸಾರು, ಮುದ್ದೆ. ಭಾನುವಾರ ಬೆಳಿಗ್ಗೆ, ಮಧ್ಯಾಹ್ನ ಹೊರಗೆ ತಿನ್ನಲಿ, ಕೈಗೂ ರಜೆ ಬೇಕು.

ಮುದ್ದೆ, ಒಬ್ಬರಿಗೆ

100 ಗ್ರಾಂ ಹಿಟ್ಟಿಗೆ 220 ಮಿಲಿ ನೀರು. ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಉಪ್ಪು ಹಾಕಿ ಮರಳಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಕಲಕದೆ ನಾಲ್ಕು ನಿಮಿಷ ಬೇಯಲು ಬಿಡಿ. ಮೊದಲೇ ಕಲಕಿದರೆ ಗಂಟು. ಗಂಟಿನೊಳಗೆ ಹಸಿ ಹಿಟ್ಟು. ಇಂಡಕ್ಷನ್‌ನಲ್ಲಿ ಸಣ್ಣ ಉರಿ ಎಂದರೆ ಒಲೆ ಆಗಾಗ ನಿಂತು ನಿಂತು ಉರಿಯುವುದು, ಕುದಿ ಕಡಿದುಹೋಗುತ್ತದೆ. ಬೇಯುವಾಗ ಮಧ್ಯಮದಲ್ಲಿಡಿ, ಆಮೇಲೆ ಆರಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ ಒದ್ದೆ ಬಟ್ಟೆಯ ಮೇಲೆ ಕಾಲಲ್ಲಿ ಅದುಮಿ ತಿರುವಿ. ಗಾಜಿನ ಒಲೆಯ ಮೇಲೇ ತಿರುವಿದರೆ ಒಲೆ ಬಾಳುವುದಿಲ್ಲ.

ಡಬ್ಬಿ, ಉಳಿದದ್ದು

ಬಾತಿನ ಅನ್ನಕ್ಕೆ ಒಂದು ಲೋಟಕ್ಕೆ ಎರಡಕ್ಕಿಂತ ತುಸು ಕಡಿಮೆ ನೀರು, ಎರಡು ವಿಷಲ್. ಅಗಲ ತಟ್ಟೆಯಲ್ಲಿ ಹರಡಿ ಹಬೆ ಹೋದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ನೀರು ಅನ್ನಕ್ಕಿಳಿದು ಹಳಸುತ್ತದೆ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ತಿನ್ನುವ ಅಭ್ಯಾಸ ಈ ರೂಮಿಗೆ ಬೇಡ. ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಳತೆಗೆ ತಕ್ಕಂತೆ ಮಾಡಿದರೆ ಉಳಿಯುವುದೂ ಇಲ್ಲ.

ವಾರದ ಕೊನೆಗೆ ಡಬ್ಬಗಳಲ್ಲಿ ರಾಗಿ ಹಿಟ್ಟು 400, ರವೆ 100, ಅಕ್ಕಿ 80, ಎರಡೂ ಕಾಳು 40-40 ಗ್ರಾಂ ಉಳಿದಿರಬೇಕು. ಅಷ್ಟನ್ನು ಮುಂದಿನ ಪಟ್ಟಿಯಲ್ಲಿ ಕಳೆದು ತನ್ನಿ. ರಾಗಿ ಹಿಟ್ಟು ಮಾತ್ರ ಒಟ್ಟಿಗೆ ಜಾಸ್ತಿ ತಂದಿಡಬೇಡಿ, ಹಳತಾದರೆ ಕಹಿ ತಿರುಗುತ್ತದೆ.